ನೋವಿಲ್ಲದೆ ಮೂತ್ರದಲ್ಲಿ ರಕ್ತ

ಅರಕಲಗೂಡಿನ ಕಡೆಯ, ಬೀಡಿ ಸೇದುವ 58 ವರ್ಷದ ರೈತರೊಬ್ಬರ ಮೂತ್ರ ಒಮ್ಮೆ ಕೆಂಪಾಗಿ, ಮರುದಿನ ತಿಳಿಯಾಯಿತೆಂದು ಭಾವಿಸೋಣ. ನೋವಿಲ್ಲ, ಉಷ್ಣವೆಂದು ಎಳನೀರು ಕುಡಿದು ಸುಮ್ಮನಾಗುತ್ತಾರೆ. ಎಡವುವುದು ಇಲ್ಲಿಯೇ.

ಮೂತ್ರದಲ್ಲಿ ಅದ್ದುವ ಪಟ್ಟಿಯು ರಕ್ತಕಣಗಳನ್ನು ಎಣಿಸುವುದಿಲ್ಲ. ರಕ್ತದ ವರ್ಣದ್ರವ್ಯಕ್ಕೆ ಬಣ್ಣ ತಿರುಗುತ್ತದೆ. ಸ್ನಾಯು ಜಜ್ಜಿ ಅದರ ವರ್ಣದ್ರವ್ಯ ಮೂತ್ರಕ್ಕಿಳಿದರೂ ಹಾಗೆಯೇ ತೋರುತ್ತದೆ. ಆದುದರಿಂದ ತಾಜಾ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹೆಚ್ಚಿನ ವರ್ಧನೆಯ ಒಂದು ನೋಟದಲ್ಲಿ 3 ಅಥವಾ ಹೆಚ್ಚು ಕೆಂಪು ಕಣಗಳಿದ್ದರೆ ಅದನ್ನು ರಕ್ತಸ್ರಾವವೆಂದೇ ಎಣಿಸುತ್ತೇವೆ. ಕಣಗಳು ವಿಕಾರಗೊಂಡು, ಪ್ರೋಟೀನ್ ಸಹ ಇದ್ದರೆ ಮೂತ್ರಪಿಂಡದ ಸೋಸುವ ಭಾಗದ ರೋಗವನ್ನು ಶಂಕಿಸಬೇಕು. ದುಂಡಗಿದ್ದರೆ ಕಲ್ಲು, ಗಡ್ಡೆಗಳನ್ನು ಹುಡುಕಬೇಕು.

ಈ ರೈತರಲ್ಲಿ 12 ದುಂಡು ಕಣಗಳು ಕಂಡವು. ಸೋಂಕಿಲ್ಲ, ಸ್ಕ್ಯಾನಿಂಗ್ ವರದಿಯೂ ಸರಿಯಿದೆ. ಆದರೂ ತಪಾಸಣೆ ಮುಗಿಯಲಿಲ್ಲ. ಮೂತ್ರಕೋಶದ ಸಣ್ಣ ಗಡ್ಡೆ ಸ್ಕ್ಯಾನಿಂಗಿಗೆ ಕಾಣದಿರಬಹುದು. ಧೂಮಪಾನವು ಅಲ್ಲಿಯ ಕ್ಯಾನ್ಸರಿಗೆ ಮುಖ್ಯ ಕಾರಣ. ಒಳಗೆ ದೀಪದ ನಳಿಗೆ ಇಳಿಸಿ ನೋಡುವ ಸಿಸ್ಟೋಸ್ಕೋಪಿಯೇ ಅದನ್ನು ತೋರಿಸುತ್ತದೆ. ರಕ್ತ ನಿಂತ ಮಾತ್ರಕ್ಕೆ ಕಾರಣ ಹೋದಂತಲ್ಲ. ಆದುದರಿಂದ ಇಂಥವರಿಗೆ ಕಷಾಯ ಬರೆಯುವ ಮುನ್ನ ನಾನು ಹಾಸನದ ಮೂತ್ರರೋಗ ತಜ್ಞರಲ್ಲಿಗೆ ಕಳುಹಿಸುತ್ತೇನೆ.