ಬೂದು ಬಟನ್ನಿನ ಜಗಳ

ಬಸ್ ಟಿಕೆಟ್ ಕಾಯ್ದಿರಿಸುವ ಆ್ಯಪ್ ಕಟ್ಟುತ್ತಿರುವ ಬೆಂಗಳೂರಿನ ಒಂದು ಪುಟ್ಟ ಕಂಪನಿ ಎಂದಿಟ್ಟುಕೊಳ್ಳಿ. ಕಂಪನಿ ಕಲ್ಪನೆಯದು, ಜಗಳ ಮಾತ್ರ ಈ ವೃತ್ತಿಯಲ್ಲಿ ದಿನನಿತ್ಯದ್ದು.

ಪ್ರಯಾಣಿಕರ ವಿವರ ತುಂಬುವ ಪುಟದ ತಳದಲ್ಲಿ ‘ಮುಂದುವರಿಯಿರಿ’ ಎಂಬ ಬಟನ್. ಹೆಸರು, ವಯಸ್ಸು, ಮೊಬೈಲ್ ನಂಬರ್ ಎಲ್ಲವೂ ಸರಿಯಾಗುವ ತನಕ ಅದು ಬೂದು ಬಣ್ಣದಲ್ಲಿ ಸುಮ್ಮನಿರಬೇಕು ಎಂಬುದು ಡಿಸೈನರ್ ಹಟ. “ತಪ್ಪು ಮಾಡೋಕೆ ಬಿಡೋದೇ ಯಾಕೆ?” ಎಂದು ಆಕೆ ಕೇಳಿದಳು. “ತಪ್ಪು ಎಲ್ಲಿದೆ ಅಂತ ನಿಮ್ಮ ಬಟನ್ ಹೇಳೋದೇ ಇಲ್ವಲ್ಲ ಮೇಡಂ” ಎಂದ ಡೆವಲಪರ್. ಬಟನ್ ಸದಾ ಒತ್ತುವಂತಿರಲಿ, ಒತ್ತಿದ ಮೇಲೆ ತಪ್ಪು ತೋರಿಸಿದರಾಯಿತು ಎಂಬುದು ಅವನ ವಾದ. ಬ್ರಿಟನ್ ಸರ್ಕಾರದ ವಿನ್ಯಾಸ ಮಾರ್ಗಸೂಚಿಯೂ ಬೂದು ಬಟನ್ ಆದಷ್ಟು ಬೇಡವೆನ್ನುತ್ತದೆ, ಅಕ್ಷರ ಮಸುಕಾಗುತ್ತದೆ, ಜನ ಗೊಂದಲಕ್ಕೆ ಬೀಳುತ್ತಾರೆ ಎಂಬ ಕಾರಣಕ್ಕೆ. ಆಕೆ ಒಪ್ಪಲಿಲ್ಲ. ಇಬ್ಬರೂ ಎರಡು ಮಾದರಿ ಸಿದ್ಧಮಾಡಿ, ಆ್ಯಪ್ ಕಂಡೇ ಇರದ ಐವರನ್ನು ಕರೆಸಿದರು.

ಐವರೇ ಏಕೆ? ಒಂದು ಸುತ್ತಿನಲ್ಲಿ ಐದು ಜನರನ್ನು ಗಮನಿಸಿದರೆ ಬಳಕೆಯ ತೊಡಕುಗಳಲ್ಲಿ ಸುಮಾರು ಶೇ 85 ಬಯಲಾಗುತ್ತವೆ ಎಂದು ಯಾಕೋಬ್ ನೀಲ್ಸನ್ 2000ರಲ್ಲಿ ಲೆಕ್ಕ ಕೊಟ್ಟಿದ್ದರು. ಆ ಲೆಕ್ಕದ ಮೇಲೆ ತಕರಾರುಗಳಿವೆ, ಆದರೂ ಸಣ್ಣ ತಂಡಕ್ಕೆ ಶುರುಮಾಡಲು ಸಾಕು. ನಿಯಮ ಒಂದೇ: ಕೆಲಸ ಹೇಳಬೇಕು, ದಾರಿ ಹೇಳಬಾರದು. “ನಾಳೆ ರಾತ್ರಿ ಹುಬ್ಬಳ್ಳಿಗೆ ಒಂದು ಸೀಟು ಬುಕ್ ಮಾಡಿ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳ್ತಾ ಹೋಗಿ” ಎಂದಷ್ಟೇ ಹೇಳಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಅದೇ ಕಷ್ಟದ ಭಾಗ.

ಮೊದಲನೆಯವರು ತಮ್ಮ ನಂಬರನ್ನು ಫೋನಿನ ಪಟ್ಟಿಯಿಂದ ನಕಲು ಮಾಡಿ ಅಂಟಿಸಿದರು. ಮುಂದೆ +91, ನಡುವೆ ಖಾಲಿ ಜಾಗ. ಹತ್ತೇ ಅಂಕಿ ನಿರೀಕ್ಷಿಸಿದ್ದ ಫಾರ್ಮ್ ಒಪ್ಪಲಿಲ್ಲ, ಬಟನ್ ಬೂದಾಗಿಯೇ ಉಳಿಯಿತು. ಅವರು ನಾಲ್ಕಾರು ಬಾರಿ ಕುಟ್ಟಿ, “ನೆಟ್ ಸ್ಲೋ ಇದೆ” ಎಂದರು. ಡಿಸೈನರ್ ಮುಖ ಸಣ್ಣದಾಯಿತು.

ಡೆವಲಪರ್ ಹಿಗ್ಗು ಹೆಚ್ಚು ಹೊತ್ತು ಬಾಳಲಿಲ್ಲ. ಅವನ ಮಾದರಿಯಲ್ಲಿ ತಪ್ಪಿನ ಸೂಚನೆ ಪುಟದ ತುದಿಯಲ್ಲಿ ಮೂಡುತ್ತಿತ್ತು, ಬೆರಳಿದ್ದದ್ದು ತಳದಲ್ಲಿ. ಸಣ್ಣ ಪರದೆಯಲ್ಲಿ ಅದು ಕಣ್ಣಿಗೇ ಬೀಳಲಿಲ್ಲ. ಇನ್ನೊಬ್ಬರು ಹಣ ಪಾವತಿಯ ಪುಟ ತೆರೆದುಕೊಳ್ಳುವ ಮೊದಲೇ ಎರಡು ಸಲ ಒತ್ತಿ, ಒಂದೇ ಪ್ರಯಾಣಕ್ಕೆ ಎರಡು ಸೀಟು ಹಿಡಿದರು.

ಕೊನೆಗೆ ಹೀಗೆ ತೀರ್ಮಾನವಾಯಿತು: ಬಟನ್ ಮೊದಲಿನಿಂದಲೂ ಒತ್ತುವಂತಿರುತ್ತದೆ. ತಪ್ಪಿದ್ದರೆ ಪರದೆ ತಾನೇ ಮೊದಲ ತಪ್ಪಿನ ಬಳಿಗೆ ಸರಿದು, ಅದರ ಕೆಳಗೇ ಕಾರಣ ತೋರಿಸುತ್ತದೆ. +91 ಮತ್ತು ಖಾಲಿ ಜಾಗವನ್ನು ಫಾರ್ಮ್ ತಾನೇ ಕಿತ್ತುಹಾಕುತ್ತದೆ. ಎಲ್ಲ ಸರಿಯಿದ್ದು ಒತ್ತಿದ ಮರುಕ್ಷಣ ಬಟನ್ ಬೂದಾಗಿ ‘ಸೀಟು ಕಾಯ್ದಿರಿಸಲಾಗುತ್ತಿದೆ’ ಎನ್ನುತ್ತದೆ.

ಬಟನ್ ಹಸಿರಿರಬೇಕೋ ಕೇಸರಿಯೋ ಎಂಬ ಜಗಳ ಉಳಿದೇ ಇದೆ. ಅದನ್ನು ಐವರು ಬಗೆಹರಿಸಲಾರರು. ನೂರಕ್ಕೆ ಐವತ್ತು ಜನ ಮುಂದುವರಿಯುವಲ್ಲಿ ಐವತ್ತೈದು ಆಯಿತೇ ಎಂದು ನಂಬಿಕೆಯಿಂದ ಹೇಳಲು ಒಂದೊಂದು ಬಣ್ಣಕ್ಕೂ ಸುಮಾರು 1,600 ಜನ ಬೇಕು. ದಿನಕ್ಕೆ ಇನ್ನೂರು ಜನ ಬರುವ ಆ್ಯಪ್‌ಗೆ ಅದು ಹದಿನಾರು ದಿನದ ಕೆಲಸ.