ಮೊದಲ ಸಿ.ಟಿ.ಯಲ್ಲಿ ಲಕ್ವದ ಸುಳಿವು

ಅರವತ್ತು ದಾಟಿದ ಒಬ್ಬರನ್ನು ಮನೆಯವರು ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತಂದಿದ್ದಾರೆ ಎಂದುಕೊಳ್ಳೋಣ. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ, ಮಾತು ಹೊರಡುತ್ತಿಲ್ಲ. ಎರಡು ಗಂಟೆ ಹಿಂದೆ ಚೆನ್ನಾಗಿಯೇ ಇದ್ದರು. ಕಾಂಟ್ರಾಸ್ಟ್ ಕೊಡದೆ ತೆಗೆದ ತಲೆಯ ಸಿ.ಟಿ.ಯಲ್ಲಿ ರಕ್ತಸ್ರಾವ ಕಾಣುವುದಿಲ್ಲ. ತರಬೇತಿಯಲ್ಲಿರುವ ವೈದ್ಯರಿಗೆ ಚಿತ್ರ ನಾರ್ಮಲ್ ಅನ್ನಿಸಿಬಿಡಬಹುದು.

ನೋಡಬೇಕಾದ ಜಾಗವನ್ನು ರೋಗಿಯ ದೇಹವೇ ಹೇಳುತ್ತಿದೆ. ಬಲಭಾಗ ಸೋತು ಮಾತು ನಿಂತಿದೆಯೆಂದರೆ ಪೆಟ್ಟು ಬಿದ್ದಿರುವುದು ಹೆಚ್ಚಾಗಿ ಮಿದುಳಿನ ಎಡಕ್ಕೆ. ಸಿ.ಟಿ. ಚಿತ್ರದಲ್ಲಿ ರೋಗಿಯ ಎಡಭಾಗ ನೋಡುವವರ ಬಲಕ್ಕಿರುತ್ತದೆ ಎಂಬುದು ನೆನಪಿರಬೇಕು.

ರಕ್ತ ನಿಂತ ಕಡೆ ಜೀವಕೋಶಗಳ ಉಪ್ಪು-ನೀರಿನ ಸಮತೋಲ ಕೆಟ್ಟು, ಅಂಗಾಂಶದಲ್ಲಿ ನೀರು ನಿಧಾನವಾಗಿ ಹೆಚ್ಚುತ್ತದೆ. ನೀರು ಶೇ. 1ರಷ್ಟು ಹೆಚ್ಚಿದರೆ ಸಿ.ಟಿ. ಸಾಂದ್ರತೆ ಸುಮಾರು 2.5 ಹೌನ್ಸ್‌ಫೀಲ್ಡ್ ಯೂನಿಟ್‌ನಷ್ಟು ಇಳಿಯುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಸಾಮಾನ್ಯ ಬ್ರೈನ್ ವಿಂಡೋದಲ್ಲಿ ಕಣ್ಣು ತಪ್ಪಿಸುತ್ತದೆ. ಹಾಗಾಗಿ ವಿಂಡೋದ ಅಗಲವನ್ನು 80ರಿಂದ 40ಕ್ಕೆ ಇಳಿಸಿ, ಮಟ್ಟವನ್ನು 40ರ ಆಸುಪಾಸು ಇಟ್ಟು ಮತ್ತೊಮ್ಮೆ ನೋಡಬೇಕು.

ಆಗ ಮೊದಲು ಹುಡುಕಬೇಕಾದ್ದು ಬೂದು ಭಾಗ ಮತ್ತು ಬಿಳಿ ಭಾಗಗಳ ನಡುವಿನ ಗೆರೆಯನ್ನು. ಸಿ.ಟಿ.ಯಲ್ಲಿ ಬೂದು ಭಾಗವೇ ತುಸು ಬೆಳ್ಳಗೆ ಕಾಣುತ್ತದೆ. ನೀರು ತುಂಬಿದಂತೆ ಅದು ಮಂಕಾಗಿ ಬಿಳಿ ಭಾಗದೊಡನೆ ಬೆರೆತುಹೋಗುತ್ತದೆ. ನಮ್ಮ ರೋಗಿಯಲ್ಲಿ ಬಲ ಇನ್ಸುಲಾದ ಅಂಚು ತೆಳ್ಳನೆಯ ಪಟ್ಟಿಯಂತೆ ಸ್ಪಷ್ಟವಾಗಿದೆ, ಎಡಗಡೆ ಅದು ಅಳಿಸಿಹೋಗಿದೆ. ಅದರ ಒಳಬದಿಯ ಲೆಂಟಿಫಾರ್ಮ್ ನ್ಯೂಕ್ಲಿಯಸ್‌ನ ಅಂಚೂ ಮಸುಕಾಗಿದೆ. ಈ ಎರಡು ಜಾಗಗಳು ಬೇಗ ಸೋಲಲು ಕಾರಣವಿದೆ: ಲೆಂಟಿಫಾರ್ಮ್‌ಗೆ ರಕ್ತ ತರುವ ಸಣ್ಣ ನಾಳಗಳಿಗೆ ಬದಲಿ ದಾರಿಯಿಲ್ಲ, ಇನ್ಸುಲಾ ಅಕ್ಕಪಕ್ಕದ ಧಮನಿಗಳ ನೆರವಿಗೆ ದೂರ.

ಎಡ ಮಿಡ್ಲ್ ಸೆರೆಬ್ರಲ್ ಧಮನಿಯೂ ಬಲಗಡೆಯದಕ್ಕಿಂತ ಬೆಳ್ಳಗಿದೆ. ಅದು ಒಳಗಿನ ಹೆಪ್ಪುಗಟ್ಟಿದ ರಕ್ತ. ಎರಡೂ ಬದಿಯ ಧಮನಿಗಳು ಸಮನಾಗಿ ಬೆಳ್ಳಗಿದ್ದರೆ ಮಾತ್ರ ಹಾಗೆನ್ನಲಾಗದು. ಹಿಮಟೋಕ್ರಿಟ್ ಹೆಚ್ಚಿದವರಲ್ಲಿ, ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿದವರಲ್ಲಿ ಹೀಗಾಗುತ್ತದೆ. ತಲೆ ವಾಲಿಕೊಂಡು ತೆಗೆದ ಚಿತ್ರವೂ ಎಡಬಲಗಳ ಸುಳ್ಳು ವ್ಯತ್ಯಾಸ ತೋರಿಸುತ್ತದೆ. ನೀರಿನಷ್ಟೇ ಕಪ್ಪಾಗಿ, ಸುತ್ತಲಿನ ಮಿದುಳು ಕುಗ್ಗಿದ್ದರೆ ಅದು ಹಳೆಯ ಲಕ್ವದ ಗುರುತು.

ಹಾನಿಯನ್ನು ಅಳೆಯಲು 2000ದಲ್ಲಿ ಪ್ರಕಟವಾದ ಆಸ್ಪೆಕ್ಟ್ಸ್ ಎಂಬ ಅಂಕ ಪದ್ಧತಿಯಿದೆ. ಮಿಡ್ಲ್ ಸೆರೆಬ್ರಲ್ ಧಮನಿಯ ಪ್ರದೇಶವನ್ನು ಹತ್ತು ಭಾಗ ಮಾಡಿ, ಕೆಟ್ಟ ಪ್ರತಿ ಭಾಗಕ್ಕೂ ಒಂದು ಅಂಕ ಕಳೆಯಬೇಕು. ಇಲ್ಲಿ ಇನ್ಸುಲಾ, ಲೆಂಟಿಫಾರ್ಮ್ ಎರಡೂ ಹೋಗಿವೆ, ಉಳಿದದ್ದು 8. ಇಷ್ಟು ಮಿತವಾದ ಬದಲಾವಣೆಯ ಕಾರಣಕ್ಕೇ ಹೆಪ್ಪು ಕರಗಿಸುವ ಔಷಧವನ್ನು ತಡೆಹಿಡಿಯಬೇಕಿಲ್ಲ.

ಈ ಯಾವ ಗುರುತೂ ಕಾಣದಿರುವುದು ಮೊದಲ ಗಂಟೆಗಳಲ್ಲಿ ಸಾಮಾನ್ಯ. ಮಿದುಳಿನ ಹಿಂಬದಿಯ ಲಕ್ವವಂತೂ ಸುತ್ತಲಿನ ದಪ್ಪ ಮೂಳೆಯಿಂದಾಗಿ ಸುಲಭವಾಗಿ ಮರೆಯಾಗುತ್ತದೆ. ಲಕ್ಷಣ ಲಕ್ವದ್ದಾಗಿದ್ದು ಸಿ.ಟಿ. ಶುದ್ಧವಾಗಿದ್ದರೆ ರೋಗಿಯನ್ನು ಲಕ್ವದವರೆಂದೇ ಪರಿಗಣಿಸಿ, ಕೂಡಲೇ ಸ್ಟ್ರೋಕ್ ತಂಡವನ್ನು ಕರೆಯಿರಿ. ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ.