ಹತ್ತು ದಿನ, ಹತ್ತು ಕ್ಯಾಪ್ಷನ್: ದಿನ ಎಣಿಸಬೇಡಿ, ಪ್ರಶ್ನೆ ಎಣಿಸಿ

ಕೆಲಸದ ಜೊತೆಗೆ ಮನೆಯಿಂದ ಏನಾದರೂ ಸಣ್ಣದಾಗಿ ಮಾರೋಕೆ ಶುರುಮಾಡಿರೋರು ನಮ್ಮಲ್ಲಿ ತುಂಬ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ಎಡವೋ ಒಂದು ಜಾಗದ ಬಗ್ಗೆ ಇವತ್ತಿನ ಮಾತು: ಲಾಂಚ್‌ಗೆ ಮುಂಚಿನ ಹತ್ತು ದಿನ ಇನ್‌ಸ್ಟಾಗ್ರಾಮಲ್ಲಿ ಏನು ಬರೀಬೇಕು?

ನಮ್ಮ ಅಕ್ಕನ ಕಥೆಯಿಂದಲೇ ಹೇಳ್ತೀನಿ. ಅಕ್ಕ ವಿಜಯಪುರದವಳು, ಇರೋದು ಪುಣೆಯಲ್ಲಿ. ಕಳೆದ ವರ್ಷ ಅವಳ ಟೀಮೇ ಮುಚ್ಚಿಹೋಯ್ತು. ಬೇರೆ ಕೆಲಸ ಹುಡುಕ್ತಾನೇ ಶೇಂಗಾ ಹಿಂಡಿ ಮಾಡಿ ಮಾರೋಣ ಅಂತ ಹೊರಟಳು. ಮೊದಲನೇ ಸಲ ಮಾಡಿದ್ದು ಎಲ್ಲರೂ ಮಾಡೋದನ್ನೇ. ಪ್ಯಾಕೆಟ್ಟಿನ ಒಂದೇ ಫೋಟೋ, ಮೇಲೆ "ಇನ್ನು 10 ದಿನ", ಮರುದಿನ "ಇನ್ನು 9 ದಿನ". ಹೀಗೆ ಹತ್ತು ಪೋಸ್ಟ್. ಲಾಂಚ್ ದಿನ ಹೋಗಿದ್ದು ಆರು ಪ್ಯಾಕೆಟ್, ಅದರಲ್ಲಿ ಎರಡು ನಂದೇ! "ಹತ್ತು ದಿನ ಒದರಿದ್ರೂ ಯಾರೂ ಬರಲಿಲ್ಲ ನೋಡೋ ತಮ್ಮಾ" ಅಂದಳು. ಉಳಿದಿದ್ದನ್ನ ಸೊಸೈಟಿಯವರಿಗೆ ಹಂಚಿದ್ದಾಯ್ತು, ಹಾಕಿದ ದುಡ್ಡು ಹೋಯ್ತು.

ತಪ್ಪಿದ್ದು ಎಲ್ಲಿ? ಎರಡು ಕಡೆ.

ಮೊದಲನೇದು, ಇನ್‌ಸ್ಟಾಗ್ರಾಮ್ ಫೀಡ್ ದಿನಾಂಕದ ಸಾಲಿನಲ್ಲಿ ಬರಲ್ಲ. ನೀವು ಬುಧವಾರ ಹಾಕಿದ "ಇನ್ನು 7 ದಿನ" ಇನ್ನೊಬ್ಬರಿಗೆ ಶನಿವಾರ ಕಾಣಿಸಬಹುದು. ಅವರ ಲೆಕ್ಕದಲ್ಲಿ ಲಾಂಚ್ ಮೂರು ದಿನ ಮುಂದೆ ಹೋಯ್ತು. ಅಕ್ಕನಿಗೂ ಲಾಂಚ್ ಆದ ಮೇಲೆ "ಯಾವಾಗ ಶುರು?" ಅಂತ ಮೆಸೇಜ್ ಬಂದಿದ್ವು. ಹಾಗಾಗಿ ಪೋಸ್ಟಲ್ಲಿ ಬಾಕಿ ದಿನ ಬರೀಬೇಡಿ, ಪೂರ್ತಿ ದಿನಾಂಕ ಬರೀರಿ: "ಡಿಸೆಂಬರ್ 6, ಶನಿವಾರ". ದಿನ ಎಣಿಸೋ ಆಸೆ ಇದ್ರೆ ಸ್ಟೋರಿಯಲ್ಲಿ ಎಣಿಸಿ. ಸ್ಟೋರಿ 24 ಗಂಟೆಗೆ ಮಾಯ ಆಗುತ್ತೆ, ಅಲ್ಲಿ ಲೆಕ್ಕ ತಪ್ಪಲ್ಲ. ಕೌಂಟ್‌ಡೌನ್ ಸ್ಟಿಕ್ಕರ್ ಇರೋದೂ ಅಲ್ಲೇ.

ಎರಡನೇದು ಇನ್ನೂ ಮುಖ್ಯ. "ಇನ್ನು 9 ದಿನ" ಅನ್ನೋದು ಮಾರೋರಿಗೆ ಸುದ್ದಿ, ಕೊಳ್ಳೋರಿಗಲ್ಲ. ಕೊಳ್ಳೋರ ತಲೆಯಲ್ಲಿ ಬೇರೆಯೇ ಓಡ್ತಿರುತ್ತೆ: ಖಾರ ಎಷ್ಟು? ಕೆಡುತ್ತಾ? ಇಷ್ಟ್ಯಾಕೆ ರೇಟು? ಒಂದೊಂದು ದಿನ ಒಂದೊಂದು ಕೋನ ಅಂದ್ರೆ ಇದೇ. ಒಂದು ದಿನಕ್ಕೆ, ಕೊಳ್ಳೋದನ್ನ ತಡೀತಿರೋ ಒಂದು ಪ್ರಶ್ನೆ.

ಎರಡನೇ ಸಲಕ್ಕೆ ಡಿಸೆಂಬರ್ 6 ಇಟ್ಕೊಂಡ್ವಿ. ಸಂಬಳ ಆಗಿರುತ್ತೆ, ಶನಿವಾರ ಬೇರೆ. ಕ್ಯಾಪ್ಷನ್ ನವೆಂಬರ್ 26ರಿಂದ ಡಿಸೆಂಬರ್ 5ರವರೆಗೆ. ಬರೆಯೋಕೆ ಕೂರೋ ಮುಂಚೆ ಅಕ್ಕ ಹತ್ತು ಜನಕ್ಕೆ ಫೋನ್ ಮಾಡಿ ಒಂದೇ ಮಾತು ಕೇಳಿದಳು: "ಕಳೆದ ಸಲ ಯಾಕೆ ತಗೊಳ್ಳಲಿಲ್ಲ, ಖರೆ ಹೇಳ್ರಿ." ಬಂದ ಉತ್ತರಗಳೇ ಪಟ್ಟಿ ಆಯ್ತು. ಸಾಲು ಹೀಗೆ: ಇದೇನು, ಯಾರು ಮಾಡೋದು, ಹೇಗೆ ಮಾಡೋದು, ಬೇರೆ ಚಟ್ನಿಗಿಂತ ಏನು ಬೇರೆ, ಒಳಗೆ ಏನೇನಿದೆ, ಯಾವುದರ ಜೊತೆ ತಿನ್ನೋದು, ಎಷ್ಟು ದಿನ ಇಡಬಹುದು, ಬೆಲೆ ಯಾಕಿಷ್ಟು, ಎಲ್ಲೆಲ್ಲಿಗೆ ಕಳಿಸ್ತೀರಿ, ಆರ್ಡರ್ ಹೇಗೆ. ಪರಿಚಯದ ಪ್ರಶ್ನೆ ಮೊದಲು, ದುಡ್ಡಿನ ಪ್ರಶ್ನೆ ಕೊನೆಗೆ. ಏನು ಅಂತಾನೇ ಗೊತ್ತಿಲ್ಲದವರಿಗೆ ಬೆಲೆ ಹೇಳಿದ್ರೆ ಎಷ್ಟು ಹೇಳಿದ್ರೂ ಜಾಸ್ತೀನೇ ಅನ್ಸುತ್ತೆ.

ಮೂರು ಕ್ಯಾಪ್ಷನ್ ತೋರಿಸ್ತೀನಿ. ನವೆಂಬರ್ 29ರದ್ದು:

"ಸೋಲಾಪುರದ ಚಟ್ನಿ ಮನೇಲಿ ಇದೆಯಲ್ಲ, ಇದ್ಯಾಕೆ? ಎರಡೂ ಅಣ್ಣತಮ್ಮಂದಿರೇ, ಊರಿಂದ ಊರಿಗೆ ಸುಮಾರು ನೂರು ಕಿಲೋಮೀಟರ್. ನಮ್ಮನೆಯದರಲ್ಲಿ ಜೀರಿಗೆ ಜಾಸ್ತಿ, ಬೆಳ್ಳುಳ್ಳಿ ಕಡಿಮೆ, ಒರಳಲ್ಲಿ ಕುಟ್ಟಿದ್ದು. ಬೆಳ್ಳುಳ್ಳಿ ಘಾಟು ಇಷ್ಟಪಡೋರಿಗೆ ಸೋಲಾಪುರದ್ದೇ ಸರಿ. ಡಿಸೆಂಬರ್ 6, ಶನಿವಾರ."

ಪುಣೆಯಲ್ಲಿ ಸೋಲಾಪುರದ ಚಟ್ನಿ ಗೊತ್ತಿಲ್ಲದೋರು ಕಮ್ಮಿ. ಅದನ್ನ ಹೆಸರಿಸದೇ ಬಿಟ್ರೆ ಓದೋರು ಮನಸ್ಸಲ್ಲೇ ಹೋಲಿಸ್ತಾರೆ. ನಾವೇ ಹೋಲಿಸಿ, ಯಾರಿಗೆ ಇದು ಬೇಡ ಅಂತಾನೂ ಹೇಳಿದ್ರೆ ಉಳಿದ ಮಾತು ನಂಬ್ತಾರೆ.

ಮರುದಿನ ಪ್ಯಾಕೆಟ್ಟಿನ ಹಿಂಭಾಗದ ಫೋಟೋ:

"ಒಳಗಿರೋದು ಐದೇ: ಶೇಂಗಾ, ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಶೇಂಗಾ ಅಲರ್ಜಿ ಮನೇಲಿ ಯಾರಿಗಾದರೂ ಇದ್ರೆ ದಯವಿಟ್ಟು ತಗೋಬೇಡಿ. ಡಿಸೆಂಬರ್ 6, ಶನಿವಾರ."

ತಿನ್ನೋ ಪದಾರ್ಥ ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಆ 14 ಅಂಕಿಯ ನಂಬರ್ ಲೇಬಲ್ ಮೇಲೆ ಇರಬೇಕು. ಅದು ಫೋಟೋದಲ್ಲಿ ಕಂಡ್ರೆ ಸಾಕು, ಮಾತು ಬೇಡ. "ಶುಗರ್‌ಗೆ ಒಳ್ಳೇದು" ಅಂತೆಲ್ಲ ಬರೀಬೇಡಿ. ಅದು ಕಾಯಿಲೆಯ ಬಗ್ಗೆ ಕೊಡೋ ಭರವಸೆ, ಚಟ್ನಿ ಮಾರೋರು ಕೊಡೋ ಹಾಗಿಲ್ಲ.

ಡಿಸೆಂಬರ್ 3ಕ್ಕೆ ಬೆಲೆ:

"200 ಗ್ರಾಂಗೆ 150 ರೂಪಾಯಿ ಯಾಕೆ? ಸಾಮಾನು 48, ಪ್ಯಾಕೆಟ್ ಮತ್ತು ಲೇಬಲ್ 14, ಗ್ಯಾಸು 8, ಕುಟ್ಟೋ ಕೈಗೆ 50. ಉಳಿದ 30 ಹಾಳಾದ ಪ್ಯಾಕೆಟ್ಟಿಗೆ ಮತ್ತು ಮುಂದಿನ ಬ್ಯಾಚಿಗೆ. ಡಿಸೆಂಬರ್ 6, ಶನಿವಾರ."

ಇದನ್ನ ಹಾಕೋಕೆ ಅಕ್ಕ ಹೆದರಿದ್ದಳು. ಆದ್ರೆ "ಇಷ್ಟ್ಯಾಕೆ?" ಅನ್ನೋ ಮೆಸೇಜ್ ಅವತ್ತಿಂದ ಒಂದೂ ಬರಲಿಲ್ಲ.

ಮೂರರಲ್ಲೂ ಒಂದು ಗಮನಿಸಿ: ಮೊದಲ ಸಾಲಿನಲ್ಲೇ ವಿಷಯ ಇದೆ. ಕ್ಯಾಪ್ಷನ್‌ಗೆ 2,200 ಅಕ್ಷರದ ಮಿತಿ ಇದ್ದರೂ ಫೀಡಲ್ಲಿ ಕಾಣೋದು ಮೊದಲ ಒಂದೆರಡು ಸಾಲು, ಉಳಿದಿದ್ದು ಒತ್ತಿದರೆ ಮಾತ್ರ. ಕನ್ನಡಕ್ಕೆ ಇಲ್ಲೊಂದು ತೊಡಕು ಇದೆ. "ಚಟ್ನಿ" ಕಣ್ಣಿಗೆ ಎರಡೇ ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ ಐದು. "ನಮಸ್ಕಾರ ಸ್ನೇಹಿತರೇ, ನಿಮಗೆಲ್ಲ ಒಂದು ಸಂತೋಷದ ಸುದ್ದಿ" ಅಂತ ಶುರುಮಾಡಿದ್ರೆ ಕಾಣೋ ಜಾಗ ಅಲ್ಲಿಗೇ ಮುಗೀತು.

ಇನ್ನೊಂದು, ಹತ್ತನ್ನೂ ಮೊದಲೇ ಬರೆದಿಡಬೇಡಿ. ಏಳು ಬರೆದು ಮೂರನ್ನ ಸಡಿಲ ಬಿಡಿ. ನವೆಂಬರ್ 30ಕ್ಕೆ ಮೂರು ಜನ "ಸಣ್ಣ ಪ್ಯಾಕೆಟ್ ಇದೆಯಾ, ಮೊದಲು ರುಚಿ ನೋಡ್ಬೇಕು" ಅಂತ ಕೇಳಿದರು. ಯಾವುದರ ಜೊತೆ ತಿನ್ನೋದು ಅನ್ನೋದನ್ನ ಸ್ಟೋರಿಗೆ ತಳ್ಳಿ, ಡಿಸೆಂಬರ್ 1ರ ಕ್ಯಾಪ್ಷನ್ನನ್ನ 100 ಗ್ರಾಂ ಪ್ಯಾಕೆಟ್ಟಿಗೆ ಕೊಟ್ವಿ, 80 ರೂಪಾಯಿ. ಎಂಟು ಕಿಲೋ ಹಿಂಡಿಯಲ್ಲಿ 30 ದೊಡ್ಡದು, 20 ಸಣ್ಣದು ಅಂತ ಭಾಗ ಆಯ್ತು.

ಸರಣಿ ಕೆಲಸ ಮಾಡ್ತಿದೆಯಾ ಅಂತ ಲೈಕ್ ನೋಡಿ ಹೇಳೋಕಾಗಲ್ಲ, ಮೆಸೇಜ್ ನೋಡಿ. ನಿನ್ನೆ ಉತ್ತರಿಸಿದ ಪ್ರಶ್ನೆಯೇ ಇವತ್ತು ಮತ್ತೆ ಬಂದ್ರೆ ನಿನ್ನೆಯ ಮೊದಲ ಸಾಲು ಸೋತಿದೆ, ತಿದ್ದಿ. ಪೋಸ್ಟ್ ಆದ ಮೇಲೂ ಕ್ಯಾಪ್ಷನ್ ತಿದ್ದಬಹುದು. ಹೊಸ ಪ್ರಶ್ನೆ ಬಂದ್ರೆ ಅದೇ ನಾಳೆಯ ಕ್ಯಾಪ್ಷನ್. ದಿನಾಂಕ ಜಾರಿದರೆ ಮಾತ್ರ ಹಳೇ ಪೋಸ್ಟ್ ಎಲ್ಲದರಲ್ಲೂ ಬದಲಿಸಲೇಬೇಕು, ಒಂದು ಬಿಟ್ರೂ ಅದೇ ಯಾರಿಗೋ ಕಾಣುತ್ತೆ.

ಈ ಸಲ ಸಣ್ಣ ಪ್ಯಾಕೆಟ್ ಶನಿವಾರವೇ ಮುಗೀತು, ದೊಡ್ಡದರಲ್ಲಿ ಭಾನುವಾರ ಸಂಜೆಗೆ ಮೂರು ಉಳೀತು. ಆದ್ರೆ ಕೊಂಡೋರಲ್ಲಿ ಹೆಚ್ಚಿನವರು ಮೊದಲೇ ಅಕ್ಕನನ್ನ ಬಲ್ಲವರು, ಇಲ್ಲಾ ಅವರ ಗೆಳೆಯರು. ಕ್ಯಾಪ್ಷನ್ ಹೊಸ ಜನರನ್ನ ತಂದಿದ್ದು ಕಡಿಮೆ. ನೋಡ್ತಾ ಸುಮ್ನೆ ಕೂತಿದ್ದವರ ಅನುಮಾನ ಕಳೆದಿದ್ದೇ ಅದರ ಕೆಲಸ. ಹೊಸಬರನ್ನ ಕರೆತರೋಕೆ ಬೇರೆ ದಾರಿ ಬೇಕು.

ನೀವೂ ಏನಾದ್ರೂ ಮಾರೋಕೆ ಹೊರಟಿದ್ರೆ, ಮೊದಲು ಕೊಳ್ಳದೇ ಹೋದ ಹತ್ತು ಜನಕ್ಕೆ ಫೋನ್ ಮಾಡಿ. ಕ್ಯಾಪ್ಷನ್ ಅವರ ಹತ್ರಾನೇ ಇದೆ.